ಸವೆತ ಅಲ್ಲ ಸ್ವಾಮಿ, ಕೊರೆತ!

ಪದಗಳ ಬಗ್ಗೆ ಜಗಳ ಆಡೋದು ನಮ್ಮ ಬ್ಲಾಗ್ ಮಂದಿಗೆ ಹೊಸದೇನಲ್ಲ. ಈಮೇಲಿಗೆ ಮಿಂಚಂಚೆ ಅನ್ನಬೇಕೋ ವಿ-ಅಂಚೆ ಅನ್ನಬೇಕೋ, ಕಂಪ್ಯೂಟರ್ ಅನ್ನೋದನ್ನ ಹಾಗೇ ಬಿಡಬೇಕೋ ಗಣಕ ಅಂತ ಮಾಡಬೇಕೋ ಅಂತ ನಾವೆಲ್ಲ ರಾತ್ರಿ ಹನ್ನೊಂದಕ್ಕೆ ಕೂತು ಕೀಲಿಮಣೆ ಕುಟ್ಟಿದವರೇ. ಅದರಿಂದ ಯಾರಿಗೂ ನಷ್ಟ ಆಗಿರಲಿಲ್ಲ, ಒಂದಷ್ಟು ನಿದ್ದೆ ಬಿಟ್ಟು :) ಆದ್ರೆ ಇವತ್ತು ನಾನು ತಕರಾರು ತೆಗೀತಿರೋ ಪದದಿಂದ ನಮ್ಮ ಮನೇಲೇ ಒಬ್ಬರು ಹದಿನಾಲ್ಕು ತಿಂಗಳು ಕಳ್ಕೊಂಡಿದಾರೆ. ಆ ಪದ 'ಸವೆತ'.

ಕೈಬೆರಳು ನೋಯುತ್ತೆ ಅಂತ ಎಕ್ಸರೇ ತೆಗೆಸಿದವರನ್ನ ಏನಂತಪ್ಪ ರಿಪೋರ್ಟು ಅಂತ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ "ಮೂಳೆ ಸವೆದಿದೆಯಂತೆ" ಅಂತಾರೆ. ಈಗ ಇಂಗ್ಲಿಷ್ ರಿಪೋರ್ಟಿನಲ್ಲಿ ಡೀಜನರೇಟಿವ್ ಚೇಂಜಸ್ ಅಂತ ಇದ್ರೂ ಕನ್ನಡದಲ್ಲಿ ಅದು ಸವೆತ. ಎರೋಷನ್ ಅಂತ ಇದ್ರೂ ಅದು ಸವೆತವೇ, ಯಾಕಂದ್ರೆ ಶಾಲೆಯಲ್ಲಿ ಮಣ್ಣಿನ ಸವೆತ ಅಂತ ನಾವೆಲ್ಲ ಓದಿದ್ದು ಅದನ್ನೇ ತಾನೇ. ಆದ್ರೆ ಕೈ ಎಕ್ಸರೇ ವಿಷಯಕ್ಕೆ ಬಂದ್ರೆ ಇವೆರಡೂ ಬೇರೆ ಬೇರೆ ಕಾಯಿಲೆಗಳ ಗುರುತು. ಮೊದಲನೆಯದು ವಯಸ್ಸಿನ ಜೊತೆ ಬರೋ ಆಸ್ಟಿಯೋ ಆರ್ಥ್ರೈಟಿಸ್. ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಕೀಲುಗಳ ಮೇಲೆ ದಾಳಿ ಮಾಡೋದು. ಮೊದಲನೆಯದಕ್ಕೆ ಕಾಯಬಹುದು. ಎರಡನೆಯದಕ್ಕೆ ಕಾಯೋ ಹಾಗಿಲ್ಲ.

ನಾನು ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಓದಿದ್ದು ಇಂಜಿನಿಯರಿಂಗು. ಹೊಟ್ಟೆಪಾಡಿಗೆ ಎಕ್ಸರೇ ಚಿತ್ರಗಳನ್ನ ಪರದೆ ಮೇಲೆ ತೋರಿಸೋ ಸಾಫ್ಟ್‌ವೇರ್ ಬರೀತೀನಿ. ಹಾಗಾಗಿ ಕೆಲಸದ ನೆಪದಲ್ಲಿ ನೂರಾರು ಕೈಗಳನ್ನ ನೋಡಿದೀನಿ. ಯಾರ ಮುಖವೂ ಗೊತ್ತಿಲ್ಲ, ಕೈ ಮಾತ್ರ ಗೊತ್ತು. (1895ರಲ್ಲಿ ರಾಂಟ್ಜೆನ್ ತನ್ನ ಹೆಂಡತಿಯ ಕೈಯನ್ನ ಉಂಗುರದ ಸಮೇತ ತೆಗೆದ ಚಿತ್ರವನ್ನ ನೀವೂ ನೋಡಿರ್ತೀರಿ. ಎಕ್ಸರೇ ಶುರುವಾಗಿದ್ದೇ ಕೈಯಿಂದ ಅನ್ನಬಹುದು.) ಅದರ ಮೇಲೆ ಅತ್ತೆಯ ಫಿಲ್ಮುಗಳನ್ನ ಹಿಡ್ಕೊಂಡು ಒಬ್ಬ ರುಮಟಾಲಜಿಸ್ಟ್ ಮುಂದೆ ಮೂರ್ನಾಲ್ಕು ಸಲ ಕೂತಿದೀನಿ, ಅವರು ಬೇಜಾರಿಲ್ಲದೆ ಹೇಳಿಕೊಟ್ಟಿದಾರೆ. ಈ ಬರಹ ಓದಿಕೊಂಡು ಯಾರೂ ಸ್ವಂತ ವೈದ್ಯ ಮಾಡ್ಕೋಬೇಡಿ. ಸರಿಯಾದ ಡಾಕ್ಟರ ಹತ್ರ ಬೇಗ ಹೋಗೋಕೆ ಇದು ನೆಪ ಆದ್ರೆ ಸಾಕು.

ಮೊದಲು ಎಕ್ಸರೇಯಲ್ಲಿ ಏನು ಕಾಣುತ್ತೆ ಏನು ಕಾಣಲ್ಲ ಅನ್ನೋದು. ಮೂಳೆ ಬೆಳ್ಳಗೆ ಕಾಣುತ್ತೆ. ಎರಡು ಮೂಳೆಗಳ ನಡುವೆ ಕಪ್ಪು ಸಂದು ಕಾಣುತ್ತಲ್ಲ, ಅದು ಖಾಲಿ ಜಾಗ ಅಲ್ಲ. ಅಲ್ಲಿ ಮೃದ್ವಸ್ಥಿ ಇದೆ, ಅಂದ್ರೆ ಮೂಳೆಯ ತುದಿಗೆ ಟೋಪಿ ಥರ ಹೊದಿಸಿರೋ ನುಣುಪಾದ ಪದರ. ಎಕ್ಸರೇಗೆ ಅದು ಕಾಣಲ್ಲ. ಹಾಗಾಗಿ ಸಂದು ಕಿರಿದಾಯ್ತು ಅಂದ್ರೆ ಆ ಪದರ ತೆಳುವಾಯ್ತು ಅಂತ ನಾವು ಊಹಿಸ್ಕೋಬೇಕು. ಮೂಳೆಯ ಹೊರ ಅಂಚಿನಲ್ಲಿ ಪೆನ್ನಿಂದ ಎಳೆದ ಹಾಗೆ ಒಂದು ತೆಳು ಬಿಳಿ ಗೆರೆ ಇರುತ್ತೆ. ಈ ಗೆರೆಯನ್ನ ನೆನಪಿಟ್ಕೊಳಿ, ಮುಂದಿನ ಕಥೆಯೆಲ್ಲ ಅದರದ್ದೇ.

ಬೆರಳಿನ ಗೆಣ್ಣುಗಳಿಗೆ ಇಂಗ್ಲಿಷಿನ ಮೂರಕ್ಷರದ ಹೆಸರುಗಳಿವೆ, ಅವು ಬೇಡ. ಅಂಗೈಗೆ ಬೆರಳು ಸೇರೋ ಕಡೆ ಬುಡದ ಗೆಣ್ಣು, ಆಮೇಲೆ ನಡು ಗೆಣ್ಣು, ಉಗುರಿನ ಹತ್ತಿರ ತುದಿ ಗೆಣ್ಣು. ಮುಷ್ಟಿ ಹಿಡಿದಾಗ ಗುಡ್ಡದ ಸಾಲಿನ ಹಾಗೆ ಎದ್ದು ಕಾಣೋವು ಬುಡದ ಗೆಣ್ಣುಗಳು.

ಈಗ ಸವೆತ ಅಂದ್ರೆ ಏನು ನೋಡಿ. ಮೃದ್ವಸ್ಥಿ ತೆಳುವಾಗುತ್ತೆ, ಅದೂ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ. ಚಪ್ಪಲಿ ಹಿಮ್ಮಡಿ ಒಂದೇ ಪಕ್ಕ ತೇಯುತ್ತಲ್ಲ, ಹಾಗೆ. ಹೊದಿಕೆ ಹೋದ ಕಡೆ ಕೆಳಗಿನ ಮೂಳೆ ಭಾರ ತಡೆಯೋಕೆ ಗಟ್ಟಿಯಾಗುತ್ತೆ, ಫಿಲ್ಮಿನಲ್ಲಿ ಅಲ್ಲಿ ಇನ್ನೂ ಬೆಳ್ಳಗೆ ಕಾಣುತ್ತೆ. ಅಂಚಿನಲ್ಲಿ ಹೊಸ ಮೂಳೆ ಮುಳ್ಳಿನ ಹಾಗೆ, ಕೊಕ್ಕಿನ ಹಾಗೆ ಹೊರಕ್ಕೆ ಬೆಳೆಯುತ್ತೆ. ಅಂದ್ರೆ ಇಲ್ಲಿ ಅಂಚಿನಲ್ಲಿ ಮೂಳೆ ಕೂಡಿಕೆ ಆಗ್ತಾ ಇದೆ. ಇದಕ್ಕೆ ಇಷ್ಟವಾದ ಜಾಗಗಳೂ ಗೊತ್ತು: ತುದಿ ಗೆಣ್ಣು, ನಡು ಗೆಣ್ಣು, ಆಮೇಲೆ ಹೆಬ್ಬೆರಳು ಮಣಿಕಟ್ಟಿಗೆ ಸೇರೋ ಬುಡ. ತುದಿ ಗೆಣ್ಣಿನ ಇಕ್ಕೆಲದಲ್ಲಿ ಬರೋ ಬಟಾಣಿಯಂಥ ಗಂಟುಗಳಿಗೆ ವಿಲಿಯಂ ಹೆಬರ್ಡನ್ ಅನ್ನೋ ಇಂಗ್ಲಿಷ್ ವೈದ್ಯನ ಹೆಸರಿದೆ. ಆತ ತೀರಿಕೊಂಡ ಮೇಲೆ 1802ರಲ್ಲಿ ಬಂದ ಪುಸ್ತಕದಲ್ಲಿ ಅವುಗಳ ವರ್ಣನೆ ಇದೆ. ಎಕ್ಸರೇ ಬರೋಕೆ ಸುಮಾರು ಒಂದು ಶತಮಾನ ಮುಂಚೆ ಬರೀ ಬೆರಳು ನೋಡಿ, ಮುಟ್ಟಿ ಬರೆದದ್ದು!

ಇನ್ನು ರುಮಟಾಯ್ಡ್. ಇಲ್ಲಿ ತೊಂದರೆ ಶುರುವಾಗೋದು ಮೃದ್ವಸ್ಥಿಯಲ್ಲಿ ಅಲ್ಲ, ಕೀಲಿನ ಒಳಪೊರೆಯಲ್ಲಿ. ಕೀಲು ಅನ್ನೋದು ಒಂದು ಚೀಲ ಅಂದ್ಕೊಳಿ, ಅದರ ಒಳಗೆ ತೆಳ್ಳನೆಯ ಅಸ್ತರು ಇದೆ. ರುಮಟಾಯ್ಡಿನಲ್ಲಿ ಆ ಅಸ್ತರು ಉರಿಯೂತದಿಂದ ಬಾತು ದಪ್ಪ ಆಗುತ್ತೆ. ಮೂಳೆ ತುದಿಗೆ ಟೋಪಿ ಇದೆ ಅಂದೆನಲ್ಲ, ಆ ಟೋಪಿ ಚೀಲ ಅಂಟಿಕೊಂಡಿರೋ ಜಾಗದವರೆಗೂ ಬರಲ್ಲ. ಟೋಪಿಯ ಅಂಚು ಮುಗಿದು ಚೀಲದ ಹೊಲಿಗೆ ಶುರುವಾಗೋ ನಡುವೆ ಸುತ್ತಲೂ ಒಂದು ಕಿರಿದಾದ ಪಟ್ಟಿಯಷ್ಟು ಮೂಳೆ ಬೆತ್ತಲಾಗಿರುತ್ತೆ, ಅದೂ ಕೀಲಿನ ಒಳಗೇ. ಊದಿದ ಅಸ್ತರು ನೇರವಾಗಿ ಹೋಗಿ ಕೂರೋದು ಅಲ್ಲಿ. ನಮ್ಮ ಮೈಯಲ್ಲಿ ಹಳೇ ಮೂಳೆಯನ್ನ ಕರಗಿಸೋಕೆ ಅಂತಲೇ ಕೋಶಗಳಿವೆ. ಅವು ಕರಗಿಸ್ತಾವೆ, ಬೇರೆ ಕೋಶಗಳು ಕಟ್ಟುತ್ತಾವೆ, ದಿನಾ ನಡೆಯೋ ರಿಪೇರಿ ಕೆಲಸ ಅದು. ಉರಿಯೂತ ಆ ಕರಗಿಸೋ ಕೋಶಗಳನ್ನ ಅಗತ್ಯಕ್ಕಿಂತ ಹೆಚ್ಚಾಗಿ ಕರೆತರುತ್ತೆ. ಅವು ಬೆತ್ತಲೆ ಪಟ್ಟಿಯಿಂದ ಶುರು ಮಾಡಿ ಮೂಳೆಯನ್ನ ಕೊರೆದು ತಿನ್ನುತ್ತಾವೆ.

ಮಳೆಗಾಲದಲ್ಲಿ ಉಳ್ಳಾಲದ ಕಡೆ ಆಗೋದನ್ನ ಪೇಪರಿನಲ್ಲಿ ಏನಂತ ಬರೀತಾರೆ? ಕಡಲ್ಕೊರೆತ. ಯಾರೂ ಕಡಲ ಸವೆತ ಅನ್ನಲ್ಲ! ಸಮುದ್ರ ದಡವನ್ನ ತೇಯೋದಿಲ್ಲ, ತಡೆಗೋಡೆ ಇಲ್ಲದ ಕಡೆ ನುಗ್ಗಿ ಅಂಚಿನಿಂದ ಕಚ್ಚಿ ತೆಗೆಯುತ್ತೆ. ರುಮಟಾಯ್ಡ್ ಮೂಳೆಗೆ ಮಾಡೋದೂ ಥೇಟ್ ಅದನ್ನೇ. ಮೃದ್ವಸ್ಥಿಯ ತಡೆಗೋಡೆ ಇಲ್ಲದ ಅಂಚಿನಲ್ಲಿ ಮೊದಲ ಕಚ್ಚು. ಇಷ್ಟು ಚೆಂದದ ಪದ ಕರಾವಳಿಯವರು ಮಾಡಿಟ್ಟಿರುವಾಗ ನಾವ್ಯಾಕೆ ಎರೋಷನ್ ಅನ್ನೋದಕ್ಕೆ ಚಪ್ಪಲಿ ತೇಯೋ ಪದ ಬಳಸ್ತಾ ಇದೀವಿ? ನನ್ನ ವಾದ ಇಷ್ಟೇ: ಕೈ ಎಕ್ಸರೇ ರಿಪೋರ್ಟನ್ನ ಕನ್ನಡದಲ್ಲಿ ಹೇಳುವಾಗ ವಯಸ್ಸಿನದಕ್ಕೆ ಸವೆತ ಅನ್ನಿ, ರುಮಟಾಯ್ಡಿನದಕ್ಕೆ ಕೊರೆತ ಅನ್ನಿ.

ಸವೆತದಲ್ಲಿ ಅಂಚಿಗೆ ಮೂಳೆ ಸೇರುತ್ತೆ, ಕೊರೆತದಲ್ಲಿ ಅಂಚಿನ ಮೂಳೆ ಹೋಗುತ್ತೆ. ಪ್ಲಸ್ಸು, ಮೈನಸ್ಸು. ಮಿಕ್ಕಿದ್ದೂ ಹೆಚ್ಚುಕಮ್ಮಿ ಹೀಗೇ ತಿರುಗುಮುರುಗು. ಸವೆತದಲ್ಲಿ ಕೀಲಿನ ಸುತ್ತಲ ಮೂಳೆ ಹೆಚ್ಚು ಬೆಳ್ಳಗಾದ್ರೆ ರುಮಟಾಯ್ಡಿನಲ್ಲಿ ಕೀಲಿನ ಅಕ್ಕಪಕ್ಕದ ಮೂಳೆ ಸುಣ್ಣ ಕಳ್ಕೊಂಡು ಮಂಕಾಗುತ್ತೆ. ಸವೆತದಲ್ಲಿ ಸಂದು ಓರೆಯಾಗಿ ಕಿರಿದಾದ್ರೆ ಇಲ್ಲಿ ಇಡೀ ಸಂದು ಒಂದೇ ಸಮ ಕಿರಿದಾಗುತ್ತೆ, ಯಾಕಂದ್ರೆ ಭಾರ ಬೀಳೋ ಜಾಗ ಬೀಳದ ಜಾಗ ಅಂತ ಉರಿಯೂತ ನೋಡೋದಿಲ್ಲ. ಜಾಗಗಳೂ ಬೇರೆ. ರುಮಟಾಯ್ಡಿಗೆ ಬೇಕಾಗಿರೋದು ಬುಡದ ಗೆಣ್ಣು, ನಡು ಗೆಣ್ಣು, ಮಣಿಕಟ್ಟು, ಅದೂ ಸಾಮಾನ್ಯವಾಗಿ ಎರಡೂ ಕೈಯಲ್ಲಿ. ತುದಿ ಗೆಣ್ಣನ್ನ ಅದು ಬಹುಮಟ್ಟಿಗೆ ಮುಟ್ಟೋದಿಲ್ಲ. ನಡು ಗೆಣ್ಣು ಇಬ್ಬರಿಗೂ ಸೇರಿದ ಜಾಗ ಆದ್ದರಿಂದ ಅದೊಂದನ್ನೇ ನೋಡಿ ತೀರ್ಮಾನ ಮಾಡೋಕಾಗಲ್ಲ.

ಈಗ ನಮ್ಮ ಮನೆ ಕಥೆ. ಅಜ್ಜಿಗೆ ಎಪ್ಪತ್ತೆಂಟು. ಅವರ ಬೆರಳ ತುದಿಯಲ್ಲೆಲ್ಲ ಗಂಟು, ಬೆರಳುಗಳು ತುದಿಯಲ್ಲಿ ಸ್ವಲ್ಪ ಸೊಟ್ಟ. ನಾನು ಕಣ್ಣು ಬಿಟ್ಟಾಗಿನಿಂದ ಹಾಗೇ ಇದೆ, ಆ ಕೈಯಲ್ಲೇ ಇವತ್ತಿಗೂ ಹೂ ಕಟ್ತಾರೆ. ಅವರ ಮಗಳು, ಅಂದ್ರೆ ನನ್ನ ಸೋದರತ್ತೆಗೆ ನಲವತ್ತೇಳರ ಹೊತ್ತಿಗೆ ಬೆರಳು ನೋವು ಶುರುವಾಯ್ತು. ಮನೆಯವರಿಗೆಲ್ಲ ಉತ್ತರ ಸಿದ್ಧವಾಗಿತ್ತು. "ಅಮ್ಮಂಗಿತ್ತು, ನಂಗೂ ಬಂತು, ಅಷ್ಟೇ ಕಣೋ" ಅಂತ ಅತ್ತೆಯೇ ಹೇಳ್ತಿದ್ರು. ತಪ್ಪೇನಿಲ್ಲ, ತುದಿ ಗೆಣ್ಣಿನ ಗಂಟುಗಳು ತಾಯಿಯಿಂದ ಮಗಳಿಗೆ ಬರೋದು ನಿಜವೇ. ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಗಂಟು ಬಂದೂ ಇತ್ತು. ಅದೇ ನಮ್ಮ ದಾರಿ ತಪ್ಪಿಸಿದ್ದು.

ಊರಿನ ಹತ್ತಿರದ ಪಟ್ಟಣದಲ್ಲಿ ಎಕ್ಸರೇ ಆಯ್ತು. ಬಲಗೈ ಒಂದೇ, ಅಂಗೈ ಕೆಳಗೆ ಮಾಡಿಟ್ಟು ತೆಗೆದ ಒಂದೇ ಚಿತ್ರ. ಎಕ್ಸರೇ ಚೀಟಿಯಲ್ಲಿ "ಕೈ ನೋವು" ಅಂತ ಬಿಟ್ರೆ ಎಲ್ಲಿ ನೋವು ಅಂತ ಬರೆದಿರಲಿಲ್ಲ. ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ಗಂಟೆ ಬೆರಳು ಮಡಚೋಕೇ ಆಗಲ್ಲ ಅನ್ನೋದೂ ಅದರಲ್ಲಿರಲಿಲ್ಲ. ಏನೂ ವಿವರ ಕೊಡದೆ "ಪ್ರೋಗ್ರಾಮ್ ಓಡ್ತಾ ಇಲ್ಲ" ಅಂತಷ್ಟೇ ಬಗ್ ರಿಪೋರ್ಟ್ ಹಾಕೋ ಗಿರಾಕಿಗಳು ನೆನಪಾದ್ರು ನನಗೆ. ರಿಪೋರ್ಟು ಬಂತು: ತೋರುಬೆರಳಿನ ತುದಿ ಗೆಣ್ಣಿನಲ್ಲಿ ಡೀಜನರೇಟಿವ್ ಚೇಂಜಸ್. ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಲ್ಲಿ ಮುಳ್ಳು ಇತ್ತು, ಅವರು ಬರೆದರು. ಆದ್ರೆ ಅತ್ತೆಗೆ ನೋವು ಇದ್ದದ್ದು ತುದಿ ಗೆಣ್ಣಿನಲ್ಲಿ ಅಲ್ವೇ ಅಲ್ಲ, ತೋರುಬೆರಳು ಮತ್ತು ನಡುಬೆರಳಿನ ಬುಡದಲ್ಲಿ ಹಾಗೂ ಮಣಿಕಟ್ಟಿನಲ್ಲಿ. ಅಲ್ಲಿನ ಡಾಕ್ಟರು ಅದನ್ನ ಕನ್ನಡ ಮಾಡಿ ಹೇಳಿದರು: ವಯಸ್ಸಿನ ಸವೆತ ತಾಯಿ. ನೋವಿನ ಮಾತ್ರೆ, ಕ್ಯಾಲ್ಸಿಯಂ, ಎಣ್ಣೆ ತಿಕ್ಕಿ ಅಂದ್ರು. ಮಾತ್ರೆ ತಗೊಂಡ ದಿನ ನೋವು ಕಡಿಮೆ ಆಗ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನೋವಿನ ಮಾತ್ರೆ ಉರಿಯೂತದ ನೋವನ್ನೂ ತಗ್ಗಿಸುತ್ತೆ, ಮೂಳೆ ಕೊರೆಯೋದನ್ನ ಮಾತ್ರ ನಿಲ್ಲಿಸೋದಿಲ್ಲ.

ಊತದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಕನ್ನಡಕ್ಕೆ ಬಡತನ ಇಲ್ಲ. ಅಜ್ಜಿಯ ಬೆರಳಿನಲ್ಲಿ ಇರೋದು ಗಂಟು, ಅತ್ತೆಯ ಬೆರಳಿನಲ್ಲಿ ಇದ್ದದ್ದು ಬಾವು. ನಮ್ಮ ಅಜ್ಜಿಯೇ ಹೇಳಿದ್ದರು, "ಅವಳದು ಗಂಟಲ್ಲ ಕಣೋ, ಬಾತಿರೋದು" ಅಂತ. ಗಂಟು ಒತ್ತಿದರೆ ಕಲ್ಲು, ಯಾಕಂದ್ರೆ ಅದು ಮೂಳೆಯೇ. ಬಾವು ಒತ್ತಿದರೆ ಮೆತ್ತಗೆ, ನೆನೆದ ಸ್ಪಂಜಿನ ಹಾಗೆ, ಮುಟ್ಟಿದರೆ ಬಿಸಿ, ಒತ್ತಿದರೆ ಅತ್ತೆ ಕೈ ಹಿಂದಕ್ಕೆ ಎಳ್ಕೋತಿದ್ರು. ಮುಷ್ಟಿ ಹಿಡಿದರೆ ಬುಡದ ಗೆಣ್ಣುಗಳ ನಡುವಿನ ಕಣಿವೆ ಮುಚ್ಚಿಹೋಗಿತ್ತು. ಎಕ್ಸರೇಯಲ್ಲೂ ಇದು ಸ್ವಲ್ಪ ಕಾಣುತ್ತೆ: ಮೂಳೆಯ ಸುತ್ತ ಮಾಂಸದ ನೆರಳು ಇರುತ್ತಲ್ಲ, ಬಾವು ಇರೋ ಕಡೆ ಅದು ಕದಿರಿನ ಆಕಾರಕ್ಕೆ ಉಬ್ಬಿರುತ್ತೆ, ನಡುವೆ ದಪ್ಪ, ಎರಡು ತುದಿಗೆ ಸಣ್ಣ. ಬರೀ ಮೂಳೆ ನೋಡೋ ಕಣ್ಣಿಗೆ ಇದು ತಪ್ಪಿಹೋಗುತ್ತೆ. ಬೆಳಗಿನ ಬಿಗಿತವೂ ಬೇರೆ ಥರ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲ ಆಗುತ್ತೆ, ಕೆಲಸ ಮಾಡ್ತಾ ಮಾಡ್ತಾ ಸಂಜೆಗೆ ನೋವು ಜಾಸ್ತಿ. ಉರಿಯೂತದ್ದು ಗಂಟೆಗಟ್ಟಲೆ ಹಿಡ್ಕೊಂಡಿರುತ್ತೆ, ಕೈ ಆಡಿಸಿದಷ್ಟೂ ವಾಸಿ. ಅತ್ತೆ ಎಂಟು ಗಂಟೆವರೆಗೂ ಲೋಟ ಎರಡೂ ಕೈಯಲ್ಲಿ ಹಿಡಿದು ಕಾಫಿ ಕುಡೀತಿದ್ರು. ಅದು ಯಾವ ಫಿಲ್ಮಿನಲ್ಲೂ ಇರಲಿಲ್ಲ.

ಹದಿನಾಲ್ಕು ತಿಂಗಳ ನಂತರ ಬೆಂಗಳೂರಿಗೆ ಬಂದಾಗ ರುಮಟಾಲಜಿಸ್ಟ್ ಮೊದಲು ಮಾಡಿದ್ದು ಕೈ ಮುಟ್ಟಿ ನೋಡಿದ್ದು. ಆಮೇಲೆ ರಕ್ತಕ್ಕೆ ಬರೆದುಕೊಟ್ಟು ಎರಡೂ ಕೈ, ಎರಡೂ ಪಾದದ ಎಕ್ಸರೇ ಹೇಳಿದರು. ಪಾದ ಯಾಕೆ ಸಾರ್, ಕಾಲು ಅಷ್ಟೇನೂ ನೋಯ್ತಿಲ್ವಲ್ಲ ಅಂದೆ. ಕಿರುಬೆರಳ ಬುಡ ನೋಡಬೇಕು ಅಂದ್ರು. ರುಮಟಾಯ್ಡಿನಲ್ಲಿ ಎಷ್ಟೋ ಸಲ ಮೊದಲ ಕೊರೆತ ಕಾಣೋದು ಕೈಯಲ್ಲಿ ಅಲ್ಲ, ಕಾಲಿನ ಕಿರುಬೆರಳ ಬುಡದ ಗೆಣ್ಣಿನಲ್ಲಿ. ಅತ್ತೆಯ ಎರಡೂ ಪಾದದಲ್ಲಿ ಅಲ್ಲಿ ಹೊರಗಡೆಯಿಂದ ಇಲಿ ಕಚ್ಚಿದ ಹಾಗಿತ್ತು.

ಕೈಗಳಲ್ಲಿ? ತೋರುಬೆರಳು, ನಡುಬೆರಳಿನ ಬುಡದ ಗೆಣ್ಣಿನಲ್ಲಿ ಅಂಗೈ ಕಡೆಯ ಮೂಳೆಯ ತಲೆ ಇದೆಯಲ್ಲ, ಅದರ ಹೆಬ್ಬೆರಳ ಕಡೆಯ ಭುಜದಲ್ಲಿ ಬಿಳಿ ಗೆರೆ ಕಡಿದು ಒಳಗೆ ಗುಳಿ. ಎರಡೂ ಕೈಯಲ್ಲಿ, ಬಲಗೈಯಲ್ಲಿ ಸ್ವಲ್ಪ ಹೆಚ್ಚು. ಮಣಿಕಟ್ಟಿನ ಕಿರುಬೆರಳ ಕಡೆ ಮುಂಗೈ ಮೂಳೆಯ ಮೊನೆ ಚೂಪು ಕಳ್ಕೊಂಡು ತಿಂದ ಹಾಗಾಗಿತ್ತು. ಮಣಿಕಟ್ಟಿನ ಸಣ್ಣ ಮೂಳೆಗಳ ನಡುವಿನ ಸಂದುಗಳೆಲ್ಲ ಒಂದೇ ಸಮ ಕಿರಿದು. ಬುಡದ ಗೆಣ್ಣುಗಳ ಆಚೀಚೆ ಮೂಳೆ ಮಂಕು. ಬಲಗೈ ತೋರುಬೆರಳ ತುದಿಯಲ್ಲಿ ಅದೇ ಹಳೇ ಮುಳ್ಳು, ಏನೂ ಬದಲಾಗದೆ ಹಾಗೇ ಕೂತಿತ್ತು. ಅಂದ್ರೆ ಒಂದೇ ಕೈಯಲ್ಲಿ ಸವೆತವೂ ಇತ್ತು, ಕೊರೆತವೂ ಇತ್ತು. ಯಾವುದಾದರೂ ಒಂದೇ ಇರಬೇಕು ಅಂತ ಯಾರು ಹೇಳಿದ್ದು? ನಲವತ್ತೈದು ದಾಟಿದ ಕೈಯಲ್ಲಿ ಒಂದು ಚೂರು ಸವೆತ ಹುಡುಕಿದರೆ ಸಿಕ್ಕೇ ಸಿಗುತ್ತೆ. ಸಿಕ್ಕಿತು ಅಂತ ಹುಡುಕೋದನ್ನ ನಿಲ್ಲಿಸಿಬಿಟ್ರೆ ಕಷ್ಟ.

ಕುತೂಹಲಕ್ಕೆ ಹಳೇ ಫಿಲ್ಮಿನ ಡಿಜಿಟಲ್ ಫೈಲು ತರಿಸಿ ಹೊಸದರ ಪಕ್ಕ ಇಟ್ಟೆ. ಬೆಳಕು ಹೊಂದಿಸಿ ದೊಡ್ಡದು ಮಾಡಿದಾಗ ಬುಡದ ಗೆಣ್ಣುಗಳ ಸುತ್ತ ಮಾಂಸದ ನೆರಳು ಉಬ್ಬಿದ್ದು ಕಂಡಿತು. ತೋರುಬೆರಳ ಬುಡದಲ್ಲಿ, ಈಗ ಗುಳಿ ಇರೋ ಅದೇ ಜಾಗದಲ್ಲಿ, ಬಿಳಿ ಗೆರೆ ಪೂರ್ತಿ ಇರಲಿಲ್ಲ. ಚುಕ್ಕಿ, ಗೆರೆ, ಚುಕ್ಕಿ ಅಂತ ತುಂಡು ತುಂಡಾಗಿತ್ತು. ಮೂಳೆ ಕೊರೆತದ ತೀರಾ ಮೊದಲ ಹಂತ ಅದು. ಉತ್ತರ ಗೊತ್ತಾದ ಮೇಲೆ ಪ್ರಶ್ನೆಪತ್ರಿಕೆ ಸುಲಭ ಅನ್ಸುತ್ತೆ, ಹಾಗಾಗಿ ಅವತ್ತು ಆ ಫಿಲ್ಮ್ ನೋಡಿದವರನ್ನ ಬೈಯೋಕೆ ನಾನು ತಯಾರಿಲ್ಲ. "ಬುಡದ ಗೆಣ್ಣು ಬಾತಿದೆ" ಅಂತ ಚೀಟಿಯಲ್ಲಿ ಮೂರು ಪದ ಇದ್ದಿದ್ರೆ ಅವರ ಕಣ್ಣು ಅಲ್ಲಿಗೂ ಹೋಗ್ತಿತ್ತೇನೋ.

ಇದೇ ಸಂದರ್ಭದಲ್ಲಿ ನಮ್ಮ ವಾಟ್ಸಾಪ್ ಡಾಕ್ಟರಿಕೆ ಬಗ್ಗೆಯೂ ಹೇಳಿಬಿಡ್ತೀನಿ. ಫಿಲ್ಮನ್ನ ಕಿಟಕಿಗೆ ಹಿಡಿದು ಫೋನಲ್ಲಿ ಫೋಟೋ ತೆಗೆದು ಪರಿಚಯದ ಡಾಕ್ಟರಿಗೆ ಕಳಿಸೋದು ಈಗ ಮಾಮೂಲು. ಮುರಿದ ಮೂಳೆ ಅದರಲ್ಲಿ ಕಾಣಬಹುದು. ಆದ್ರೆ ಆ ಬಿಳಿ ಗೆರೆ ತೀರಾ ತೆಳು, ಅದು ತುಂಡಾಗಿದೆಯೋ ಇಲ್ವೋ ಅನ್ನೋದು ಫೋಟೋ ಕುಗ್ಗಿಸುವಾಗಲೇ ಅಳಿಸಿಹೋಗುತ್ತೆ. ಕಾಣದ ಚಿತ್ರ ನೋಡಿ "ಕೊರೆತ ಏನೂ ಇಲ್ಲ" ಅಂದ್ರೆ ಅದಕ್ಕೆ ಬೆಲೆ ಇಲ್ಲ. ಸಿ.ಡಿ.ಯಲ್ಲೋ ಲಿಂಕಿನಲ್ಲೋ ಮೂಲ ಫೈಲು ಕೊಡಿ ಅಂತ ಕೇಳಿ. ಇನ್ನೊಂದು ತೊಂದರೆ ಕೈ ಇಡೋ ರೀತಿಯದು. ಅಂಗೈ ಚಪ್ಪಟೆ ಇಟ್ಟು ತೆಗೆದ ಚಿತ್ರದಲ್ಲಿ ಮೂಳೆ ತಲೆಯ ಮುಂದೆ ಹಿಂದೆ ಆದ ಕೊರೆತ ಮೂಳೆಯ ನೆರಳಲ್ಲೇ ಮರೆಯಾಗಬಹುದು. 1965ರಲ್ಲಿ ನೋರ್ಗಾರ್ಡ್ ಅನ್ನೋ ಡೆನ್ಮಾರ್ಕಿನ ವೈದ್ಯರು ಕೈಗಳನ್ನ ಅರ್ಧ ಮೇಲಕ್ಕೆ ತಿರುಗಿಸಿ ತೆಗೆಯೋ ನೋಟ ಸೂಚಿಸಿದರು. ಎರಡೂ ಕೈ ಸೇರಿಸಿ ಕ್ಯಾಚ್ ಹಿಡಿಯೋಕೆ ನಿಂತ ಫೀಲ್ಡರಿನ ಹಾಗಿರುತ್ತೆ, ಅದಕ್ಕೇ ಅದಕ್ಕೆ ಚೆಂಡು ಹಿಡಿಯುವವನ ನೋಟ ಅಂತಲೇ ಅಡ್ಡಹೆಸರು. ನಮ್ಮ ಊರಲ್ಲಿ ಇದನ್ನ ಯಾರೂ ಕೇಳಲ್ಲ, ಹಾಗಾಗಿ ಯಾರೂ ತೆಗೆಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎಕ್ಸರೇಯನ್ನ ದೇವರ ಪಟ ಮಾಡಿಟ್ಕೋಬೇಡಿ ಅಂತಲೂ ಹೇಳಬೇಕು. ರುಮಟಾಯ್ಡಿನ ಮೊದಲ ತಿಂಗಳುಗಳಲ್ಲಿ ಎಕ್ಸರೇ ಪೂರ್ತಿ ಸರಿಯಾಗಿರೋದು ತುಂಬಾ ಸಾಮಾನ್ಯ. ಮೂಳೆ ಮಂಕಾಗಿದೆ ಅಂತ ಫಿಲ್ಮಿನಲ್ಲಿ ಗೊತ್ತಾಗೋ ಹೊತ್ತಿಗೇ ಸುಣ್ಣದ ಅಂಶ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಹೋಗಿರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎಕ್ಸರೇ ಅನ್ನೋದು ಅಲಾರಂ ಅಲ್ಲ, ಲಾಗ್ ಫೈಲು. ಆಗಿಹೋದ ಹಾನಿಯನ್ನ ಬರೆದಿಡುತ್ತೆ. ವೈದ್ಯರಿಗೆ ಇದು ಗೊತ್ತು. 1987ರ ಅಮೆರಿಕದ ಮಾನದಂಡದಲ್ಲಿ ಎಕ್ಸರೇ ಬದಲಾವಣೆ ಅನ್ನೋದು ಏಳು ಲಕ್ಷಣಗಳಲ್ಲಿ ಒಂದಾಗಿತ್ತು. 2010ರಲ್ಲಿ ಅಮೆರಿಕ, ಯುರೋಪಿನವರು ಸೇರಿ ಹೊಸದು ಮಾಡಿದಾಗ ಅಂಕ ಕೊಡೋ ಪಟ್ಟಿಯಿಂದ ಎಕ್ಸರೇಯನ್ನೇ ಕೈಬಿಟ್ಟರು. ಎಷ್ಟು ಕೀಲು, ಯಾವ ಕೀಲು ಬಾತಿವೆ, ರಕ್ತದಲ್ಲಿ ಏನಿದೆ, ಆರು ವಾರ ದಾಟಿದೆಯಾ ಅಂತ ನೋಡಿ ಹತ್ತಕ್ಕೆ ಆರು ಬಂದ್ರೆ ಸಾಕು. ಆ ಕೀಲಿನ ಎಣಿಕೆಯಲ್ಲಿ ತುದಿ ಗೆಣ್ಣನ್ನೂ ಹೆಬ್ಬೆರಳ ಬುಡವನ್ನೂ ಲೆಕ್ಕಕ್ಕೇ ತಗೊಳ್ಳಲ್ಲ, ಅವು ಸವೆತದ ಜಾಗ ಅಂತ! ಅತ್ತೆಯ ಮೊದಲ ರಿಪೋರ್ಟು ಮಾತಾಡಿದ್ದು ಲೆಕ್ಕಕ್ಕೇ ಇಲ್ಲದ ಆ ಒಂದು ಗೆಣ್ಣಿನ ಬಗ್ಗೆ ಮಾತ್ರ. ಕೊರೆತ ಕಂಡಮೇಲೆ ಔಷಧಿ ಅಂತ ಕಾಯೋ ಕಾಲ ಹೋಯ್ತು. ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು ಅಂತ ಯುರೋಪಿನ ರುಮಟಾಲಜಿಸ್ಟರ ಸಲಹೆ.

ರಕ್ತಪರೀಕ್ಷೆಯೂ ಸರ್ವಜ್ಞ ಅಲ್ಲ, ಅದು ಸರಿ ಬಂದೂ ರುಮಟಾಯ್ಡ್ ಇರೋರಿದಾರೆ. ನಾನು ಹೇಳಿದ ಅಂಚಿನ ನಿಯಮಕ್ಕೂ ಅಪವಾದ ಇದೆ. ಸವೆತದ ಒಂದು ಉಗ್ರ ರೂಪದಲ್ಲಿ ಮೂಳೆಯಲ್ಲಿ ಗುಳಿ ಬೀಳುತ್ತೆ, ಆದ್ರೆ ಅದು ಅಂಚಿನಲ್ಲಲ್ಲ, ಕೀಲಿನ ನಟ್ಟನಡುವೆ. ಅಂಚಿನಲ್ಲಿ ಮುಳ್ಳು, ನಡುವೆ ಗುಳಿ ಸೇರಿ ಹಾರೋ ಹಕ್ಕಿಯ ರೆಕ್ಕೆಯ ಹಾಗೆ ಕಾಣುತ್ತೆ. ಸೋರಿಯಾಸಿಸ್ ಇರೋರಿಗೆ ಬರೋ ಕೀಲೂತ ತುದಿ ಗೆಣ್ಣನ್ನೂ ಬಿಡಲ್ಲ. 2006ರಲ್ಲಿ ನಮ್ಮ ಕಡೆ ಊರೂರೇ ಮಲಗಿಸಿದ ಚಿಕುನ್‌ಗುನ್ಯಾ ನೆನಪಿದೆಯಲ್ಲ, ಅದರ ಕೀಲು ಬಾವು ರುಮಟಾಯ್ಡಿನ ಪಡಿಯಚ್ಚಿನಂತೆ ತಿಂಗಳುಗಟ್ಟಲೆ ಕಾಡಬಲ್ಲದು. ಇದನ್ನೆಲ್ಲ ಬಿಡಿಸೋದು ಅದನ್ನ ಓದಿದವರ ಕೆಲಸ. ನಮ್ಮ ಕೆಲಸ ಅವರ ಬಾಗಿಲವರೆಗೆ ಹೋಗೋದು. "ಸವೆತ" ಅನ್ನೋ ಪದ ನಮ್ಮನ್ನ ಮನೆಯಲ್ಲೇ ಕೂರಿಸುತ್ತೆ ಅನ್ನೋದೇ ನನ್ನ ಸಿಟ್ಟು.

ಪದದಲ್ಲೇನಿದೆ ಬಿಡ್ರೀ ಅಂತ ಕೆಲವರು ಅನ್ನಬಹುದು. ಸವೆತ ಅಂದ ಕೂಡಲೇ ನಮ್ಮ ತಲೆಯಲ್ಲಿ ಏನು ಬರುತ್ತೆ ನೋಡಿ: ವಯಸ್ಸಾಯ್ತು, ದುಡಿದದ್ದು ಹೆಚ್ಚಾಯ್ತು, ಏನು ಮಾಡೋಕಾಗುತ್ತೆ, ವಿಶ್ರಾಂತಿ ತಗೊಳ್ಳಿ. ಚಪ್ಪಲಿ ಸವೆದರೆ ಯಾರೂ ಓಡಿ ಹೋಗಿ ಕಾರಣ ಹುಡುಕೋದಿಲ್ಲ. ಕಡಲ್ಕೊರೆತ ಅಂದ್ರೆ ಲಾರಿಯಲ್ಲಿ ಬಂಡೆ ತಂದು ಸುರೀತಾರೆ, ಇವತ್ತೇ, ಇಲ್ಲಾಂದ್ರೆ ನಾಳೆ ಇನ್ನೊಂದು ಮನೆ ಹೋಗುತ್ತೆ ಅಂತ. ವಾತ ಅನ್ನೋ ಪದವೂ ಇದೇ ಥರ, ಮಂಡಿಯಿಂದ ಬೆರಳವರೆಗೆ ಎಲ್ಲದಕ್ಕೂ ಒಂದೇ ಹೆಸರು. ಆಯುರ್ವೇದದವರು ಕೂಡ ಸಂಧಿವಾತ, ಆಮವಾತ ಅಂತ ಬೇರೆ ಮಾಡ್ತಾರೆ, ನಾವು ಮಾತಾಡುವಾಗ ಎರಡನ್ನೂ ಕಲಸಿಬಿಡ್ತೀವಿ.

ಅತ್ತೆಗೆ ಈಗ ಮೆಥೊಟ್ರೆಕ್ಸೇಟ್ ನಡೀತಿದೆ. ವಾರಕ್ಕೆ ಒಂದೇ ದಿನ, ಅವರದು ಭಾನುವಾರ. ಈ ಮಾತ್ರೆಯನ್ನ ದಿನಾ ನುಂಗಿಬಿಟ್ರೆ ಪ್ರಾಣಕ್ಕೇ ಅಪಾಯ, ಅದಕ್ಕೇ ಪೆಟ್ಟಿಗೆ ಮೇಲೆ ದೊಡ್ಡದಾಗಿ ಭಾನುವಾರ ಅಂತ ನಾನೇ ಬರೆದಿಟ್ಟಿದೀನಿ. ಜೊತೆಗೆ ಫೋಲಿಕ್ ಆಸಿಡ್ಡು, ಆಗಾಗ ಲಿವರಿಗೆ, ರಕ್ತಕಣಕ್ಕೆ ಅಂತ ಪರೀಕ್ಷೆ. ಬಾವು ಇಳಿದಿದೆ, ಮುಷ್ಟಿ ಹಿಡಿದರೆ ಕಣಿವೆಗಳು ಮತ್ತೆ ಕಾಣ್ತವೆ. ವರ್ಷದ ನಂತರದ ಎಕ್ಸರೇಯಲ್ಲಿ ಹೊಸ ಗುಳಿ ಒಂದೂ ಇಲ್ಲ. ಹಳೇ ಗುಳಿಗಳು ಹಾಗೇ ಇವೆ, ಸಾಮಾನ್ಯವಾಗಿ ಅವು ತುಂಬಿಕೊಳ್ಳಲ್ಲವಂತೆ. ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆಯೋದು ಮಾತ್ರ ಈಗಲೂ ಮಾವನ ಕೆಲಸವೇ.

ಕರಾವಳಿ ಕಡೆಯ ಬ್ಲಾಗಿಗರಿಗೆ ಒಂದು ಪ್ರಶ್ನೆ: ದಡದಲ್ಲಿ ಕೊರೆತ ಮೊದಲು ಶುರುವಾಗೋ, ಗೋಡೆ ಮುಗಿದು ಬರೀ ಮರಳು ಇರೋ ಆ ಕಿರಿದಾದ ಜಾಗಕ್ಕೆ ನಿಮ್ಮಲ್ಲಿ ಏನಾದರೂ ಹೆಸರಿದೆಯಾ? ಮೂಳೆಯ ಬೆತ್ತಲೆ ಪಟ್ಟಿಗೆ ಒಂದು ಒಳ್ಳೆ ಕನ್ನಡ ಪದ ಬೇಕಾಗಿದೆ. ತುಳುವಿನಲ್ಲಿದ್ದರೂ ಆಗುತ್ತೆ. ಕಾಮೆಂಟಿಸಿ :)